‘ಎಂದು’ ಬಿಕ್ಕುವುದು ಹೇಗೆ?

ಅಪಘಾತದ ಸುದ್ದಿಗಳನ್ನು ಓದುವವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ‘ಮೃತರ ಕುಟುಂಬದವರ ಆಕ್ರಂದನ ಮುಗಿಲು ಮುಟ್ಟಿತ್ತು.’ ಊರು ಬದಲಾಗುತ್ತದೆ, ಸತ್ತವರ ಹೆಸರು ಬದಲಾಗುತ್ತದೆ, ಆಕ್ರಂದನ ಮಾತ್ರ ಪ್ರತಿಸಲವೂ ಅದೇ ಮುಗಿಲನ್ನು ಮುಟ್ಟಿ ಬರುತ್ತದೆ. ವರದಿಗಾರನನ್ನು ದೂರಿ ಫಲವಿಲ್ಲ. ಶವಾಗಾರದ ಮುಂದೆ ನಿಂತು ಅರ್ಧ ಗಂಟೆಯಲ್ಲಿ ಸುದ್ದಿ ಕಳಿಸಬೇಕಾದವನಿಗೆ ಯಾರು ಹೇಗೆ ಅತ್ತರು ಎಂದು ನೋಡುವ ಪುರುಸೊತ್ತಿರುವುದಿಲ್ಲ. ಕಾದಂಬರಿಕಾರನಿಗೆ ಆ ಪುರುಸೊತ್ತಿದೆ. ಇದ್ದೂ ಅವನು ಇನ್ನೊಂದು ಕಡೆ ಎಡವುತ್ತಾನೆ.

ಹೋದ ಮಳೆಗಾಲದಲ್ಲಿ ಕಿರಿಯ ಗೆಳೆಯನೊಬ್ಬ ತನ್ನ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಓದಲು ಕೊಟ್ಟ. ಮಲೆನಾಡಿನ ಅಡಿಕೆ ತೋಟದ ಮನೆ. ಯಜಮಾನ ತಿಮ್ಮಪ್ಪಗೌಡ ಒಂದು ಬೆಳಗ್ಗೆ ಕೊಟ್ಟಿಗೆಯ ಮುಂದೆ ಕುಸಿದು ಹೋಗುತ್ತಾನೆ. ಅದುವರೆಗಿನ ನೂರು ಪುಟಗಳಲ್ಲಿ ತೋಟದ ಕಪ್ಪು, ಕಾಲುವೆ, ಕೊಳೆರೋಗ, ಸೊಸೈಟಿ ಸಾಲ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಬರೆದಿದ್ದವನು ಸಾವಿನ ಪುಟಕ್ಕೆ ಬಂದಾಗ ಹೀಗೆ ಬರೆದಿದ್ದ:

‘ಗೌರಮ್ಮ ಗಂಡನ ಕಾಲ ಬಳಿ ಕುಳಿತು ರೋದಿಸಿದಳು. ಬೆಂಗಳೂರಿನಿಂದ ಬಂದ ಮಗಳು ಸುಮಾ ಹೊಸ್ತಿಲು ದಾಟುತ್ತಲೇ ಬಿಕ್ಕಳಿಸಿದಳು. “ಅಪ್ಪಾ, ಹೋದ ಭಾನುವಾರ ನೀನು ಫೋನ್ ಮಾಡಿದಾಗ ಕೆಲಸದಲ್ಲಿದ್ದೇನೆ ಅಂತ ಹೇಳಿ ಇಟ್ಟುಬಿಟ್ಟೆ, ಆಮೇಲೆ ನಾನೇ ಮಾಡಬೇಕು ಅಂದುಕೊಂಡವಳು ಮರೆತೇಬಿಟ್ಟೆ, ಇನ್ನು ಯಾರಿಗೆ ಮಾಡಲಿ” ಎಂದು ಬಿಕ್ಕಿದಳು. ಅಕ್ಕ ಪುಟ್ಟಮ್ಮ ತಮ್ಮನ ಎದೆಯ ಮೇಲೆ ಬಿದ್ದು ಆಕ್ರಂದಿಸಿದಳು. ಐದು ವರ್ಷದ ಮೊಮ್ಮಗ ಮೂಲೆಯಲ್ಲಿ ನಿಂತು ಪ್ರಲಾಪಿಸಿದ. ಸುಮಾ ಮತ್ತೆ ಕಂಬನಿ ಮಿಡಿದಳು.’

ಐದು ವರ್ಷದ ಹುಡುಗ ಪ್ರಲಾಪಿಸಿದ್ದನ್ನು ಓದಿ ನನಗೆ ನಗು ಬಂತು. ಸಾವಿನ ಮನೆಯ ವರ್ಣನೆಗೆ ಓದುಗ ನಕ್ಕರೆ ಅದಕ್ಕಿಂತ ದೊಡ್ಡ ಸೋಲು ಬೇರೆ ಬೇಕೆ? ಇಷ್ಟೊಂದು ಪದಗಳು ಎಲ್ಲಿಂದ ಬಂದವು ಎಂದು ಕೇಳಿದೆ. ಹುಡುಗ ಸತ್ಯವಂತ. ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದ ಇಂಗ್ಲಿಷ್ ಪಟ್ಟಿಯನ್ನೇ ತೋರಿಸಿದ. ಅಳುವುದಕ್ಕೆ ಕ್ರೈ ಒಂದೇ ಅಲ್ಲ. ಸಾಬ್, ವೀಪ್, ವಿಂಪರ್, ವೇಲ್ ಎಂದೆಲ್ಲ ಇವೆ. ಒಂದೊಂದರ ಎದುರಿಗೂ ನಿಘಂಟು ನೋಡಿ ಕನ್ನಡ ಪದ ಬರೆದುಕೊಂಡಿದ್ದ. “ಒಂದೇ ಪದ ಎರಡು ಸಲ ಬಂದ್ರೆ ಓದೋರಿಗೆ ಬೇಜಾರಾಗುತ್ತಲ್ಲ ಸಾರ್” ಎಂಬುದು ಅವನ ಸಮಜಾಯಿಷಿ.

ಅವನು ಆ ನಾಲ್ಕು ಇಂಗ್ಲಿಷ್ ಪದಗಳನ್ನು ಒಂದೇ ಪಾತ್ರೆಯ ನಾಲ್ಕು ಹೆಸರುಗಳು ಎಂದು ತಿಳಿದಿದ್ದ. ಅವು ನಾಲ್ಕು ಬೇರೆ ಬೇರೆ ಪಾತ್ರೆಗಳು. ಇಂಗ್ಲಿಷಿನವನಿಗೂ ಒಂದರ ಬದಲಿಗೆ ಇನ್ನೊಂದನ್ನು ಇಡಲು ಬರುವುದಿಲ್ಲ. ಸಾಬ್ ಎಂದರೆ ಉಸಿರು ತುಂಡು ತುಂಡಾಗುವ ಅಳು. ವೀಪ್ ಎಂದರೆ ಕಣ್ಣೀರು ಮುಂದಾಗಿ ದನಿ ಹಿಂದಾದ ಅಳು. ವಿಂಪರ್ ಎಂದರೆ ಹೆದರಿದವರ, ನೊಂದವರ, ಬಾಯಿ ಬಿಡಲಾಗದವರ ಸಣ್ಣ ದನಿ. ನಾಯಿಮರಿಗೂ ಅದೇ ಪದ. ವೇಲ್ ಎಂದರೆ ಎಳೆದು ಎಳೆದು ನಾಲ್ಕು ಮನೆಗೆ ಕೇಳುವ ಹಾಗೆ ಅಳುವುದು. ಯಾರು ಹೆಚ್ಚು ದುಃಖಪಟ್ಟರು, ಯಾರು ಕಡಿಮೆ ಎಂಬ ಅಳತೆ ಈ ಪದಗಳಲ್ಲಿ ಇಲ್ಲವೇ ಇಲ್ಲ. ಅಳುವವರ ಉಸಿರು, ಬಾಯಿ, ಗಂಟಲು ಆ ಹೊತ್ತಿಗೆ ಏನು ಮಾಡುತ್ತಿವೆ ಎಂಬ ವರದಿ ಮಾತ್ರ ಇದೆ.

ಹಾಗಾಗಿ ನಾನು ಮೊದಲು ಗುರುತು ಹಾಕಿದ್ದು ‘ಪ್ರಲಾಪಿಸಿದ’ ಎಂಬಲ್ಲಿ ಅಲ್ಲ, ಸುಮಾಳ ಮಾತಿನ ಪಕ್ಕದಲ್ಲಿ. ಅವಳು ಬಿಕ್ಕುತ್ತಾ ಆಡಿದ ಆ ವಾಕ್ಯವನ್ನು ನೀವು ಈಗಲೇ ಗಟ್ಟಿಯಾಗಿ, ಒಂದೇ ಓಟದಲ್ಲಿ ಓದಿ ನೋಡಿ. ಅಳದೆ ಇರುವವರಿಗೂ ನಡುವೆ ಒಂದೆರಡು ಕಡೆ ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ಬಿಕ್ಕುವವಳಿಗೆ ಅದು ಸಾಧ್ಯವೇ ಇಲ್ಲ.

ಬಿಕ್ಕು ಎಂದರೆ ಏನೆಂದು ಕನ್ನಡವೇ ಹೇಳುತ್ತದೆ. ನೀರು ಕುಡಿಯದೆ ಅವಸರದಲ್ಲಿ ಉಂಡಾಗ ಬರುವುದೂ ಬಿಕ್ಕಳಿಕೆಯೇ, ದುಃಖದಲ್ಲಿ ಬರುವುದೂ ಬಿಕ್ಕಳಿಕೆಯೇ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಪದಗಳಿವೆ. ನಮ್ಮ ಹಿರಿಯರ ಕಿವಿಗೆ ಎರಡರ ಹೋಲಿಕೆ ಕೇಳಿಸಿತು, ಮತ್ತು ಆ ಹೋಲಿಕೆ ನಿಜವಾದದ್ದೇ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯಿದೆ. ಉಸಿರೆಳೆದುಕೊಳ್ಳುವ ಕೆಲಸ ಬಹುಪಾಲು ಅದರದ್ದು. ಅದು ನಮ್ಮ ಅಪ್ಪಣೆ ಕೇಳದೆ ತಟಕ್ಕನೆ ಸೆಳೆದುಕೊಂಡು, ಒಳಗೆ ನುಗ್ಗುವ ಗಾಳಿಗೆ ಗಂಟಲ ಬಾಗಿಲು ಅಡ್ಡ ಬಿದ್ದರೆ ಊಟದ ಬಿಕ್ಕಳಿಕೆ. ದುಃಖದಲ್ಲಿಯೂ ಉಸಿರು ಹೀಗೆಯೇ ಹಿಡಿತ ತಪ್ಪಿ ಗುಟುಕು ಗುಟುಕಾಗಿ ಒಳಗೆ ಹೋಗುತ್ತದೆ. ಎರಡು, ಮೂರು, ನಾಲ್ಕು ಗುಟುಕು ಒಳಕ್ಕೆ, ಆಮೇಲೆ ನಡುಗುವ ಒಂದು ಉದ್ದನೆಯ ನಿಟ್ಟುಸಿರು ಹೊರಕ್ಕೆ. ಮಾತು ಹುಟ್ಟುವುದು ಹೊರಬರುವ ಉಸಿರಿನಲ್ಲಿ. ಉಸಿರು ಒಳಗೇ ತುಂಡಾಗುತ್ತಿರುವಾಗ ಮಾತು ಹೊರಡುವುದಾದರೂ ಎಲ್ಲಿಂದ? ಹೊರಟರೂ ಒಂದೊಂದೇ ಪದವಾಗಿ ಹೊರಡುತ್ತದೆ. “ಅಪ್ಪ... ಫೋನ್... ಮಾಡ್ದಾಗ...” ಅಷ್ಟೇ. ಸುಮಾಳ ಉಳಿದ ವಾಕ್ಯ ಅವಳ ಎದೆಯಲ್ಲೇ ಉಳಿಯಬೇಕು, ಇಲ್ಲವೇ ಕಾದಂಬರಿಕಾರ ಅದನ್ನು ಅವಳ ಯೋಚನೆಯಾಗಿ ಬೇರೆ ಕಡೆ ಬರೆಯಬೇಕು.

ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ತನ್ನ ಸ್ವಂತ ಮಕ್ಕಳ ಅಳುವನ್ನು ದಿನ ಎಣಿಸಿ ದಾಖಲಿಸಿದ್ದಾನೆ. ಎಳೆಗೂಸು ಕಿರುಚುತ್ತದೆ, ಆದರೆ ಮೊದಲ ಕೆಲವು ವಾರ ಅದರ ಕಣ್ಣಲ್ಲಿ ನೀರು ಸುರಿಯುವುದಿಲ್ಲ. ಬಿಕ್ಕುವುದಂತೂ ಇನ್ನೂ ತಡವಾಗಿ ಬರುತ್ತದೆ ಎಂದು ಅವನು ಗಮನಿಸಿದ. ಅಳುವನ್ನು ತಡೆದುಕೊಳ್ಳಲು ಬಂದ ಮೇಲೆ ಬಿಕ್ಕು ಬರುತ್ತದೆ ಎಂಬುದು ಅದರಿಂದ ನಾನು ತೆಗೆದುಕೊಂಡ ಪಾಠ. ತಡೆಯುವ ಶಕ್ತಿಗೂ ಹೊರಬರುವ ದುಃಖಕ್ಕೂ ನಡೆಯುವ ಜಗ್ಗಾಟದ ಸದ್ದು ಅದು. ಕಥೆಗಾರನಿಗೆ ಇದರಿಂದ ದೊಡ್ಡ ಉಪಯೋಗವಿದೆ: ಬಿಕ್ಕು ಅಳುವಿನ ಬಾಗಿಲಲ್ಲಿ ಇರುತ್ತದೆ ಅಥವಾ ಬಾಲದಲ್ಲಿ ಇರುತ್ತದೆ. ಇನ್ನೇನು ಅಳು ಒಡೆಯಬೇಕು ಎನ್ನುವಾಗ ತಡೆದುಕೊಳ್ಳುವವಳು ಬಿಕ್ಕುತ್ತಾಳೆ. ಅತ್ತು ಅತ್ತು ಸಾಕಾಗಿ ನಿಲ್ಲಿಸಲು ಹೊರಟವಳೂ ಬಿಕ್ಕುತ್ತಾಳೆ. ಹೊಡೆತ ತಿಂದು ಮಲಗಿದ ಮಗು ನಿದ್ದೆಯಲ್ಲೂ ಆಗೊಮ್ಮೆ ಈಗೊಮ್ಮೆ ಬಿಕ್ಕುವುದನ್ನು ನೋಡದ ತಾಯಿಯಿಲ್ಲ. ಅಳು ಮುಗಿದಿದೆ, ಉಸಿರಿಗೆ ಅದು ಇನ್ನೂ ಗೊತ್ತಾಗಿಲ್ಲ.

ಇಷ್ಟು ಹೇಳಿದ ಮೇಲೆ ಗೆಳೆಯ ಕೇಳಿದ, “ಹಾಗಾದ್ರೆ ಯಾವ ಅಳುಗೆ ಎಷ್ಟು ಮಾತು ಅಂತ ಗೊತ್ತಾಗೋದು ಹೇಗೆ?”

ಅದಕ್ಕೆ ಕನ್ನಡದೊಳಗೇ ಒಂದು ಪರೀಕ್ಷೆ ಇದೆ. ಪದದ ಹಿಂದೆ ‘ಎಂದು’ ಇಟ್ಟು ನೋಡುವುದು. ‘ಅಯ್ಯೋ ನನ್ನ ಮನೆ ಹಾಳಾಯಿತು ಎಂದು ಗೋಳಾಡಿದಳು’: ಸಲೀಸಾಗಿ ನಿಲ್ಲುತ್ತದೆ. ‘ಎಂದು ಹಲುಬಿದಳು’: ಇನ್ನೂ ಸಲೀಸು, ಏಕೆಂದರೆ ಮಾತಿಲ್ಲದೆ ಹಲುಬಲು ಬರುವುದೇ ಇಲ್ಲ. ‘ಎಂದು ಕಣ್ಣೀರಿಟ್ಟಳು’: ನಿಲ್ಲುತ್ತದೆ, ಆದರೆ ಇಲ್ಲಿ ಮಾತು ಮೊದಲು ಮುಗಿದಿದೆ, ನೀರು ಆಮೇಲೆ ಬಂದಿದೆ. ‘ಎಂದು ಬಿಕ್ಕಿದಳು’: ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ‘ಎಂದು ಮುಲುಗಿದಳು’: ಒಂದೆರಡು ಪದಗಳಾದರೆ ನಡೆದೀತು. ಗೋಳಾಡು, ಹಲುಬು ಇವು ಮಾತನ್ನು ಹೊರುವ ಕ್ರಿಯಾಪದಗಳು; ಬಿಕ್ಕು ಮಾತನ್ನು ಮುರಿಯುವ ಕ್ರಿಯಾಪದ. ಸಂಭಾಷಣೆಯ ಕೊನೆಯಲ್ಲಿ ‘ಎಂದು’ ಹಾಕಿ ಕೈಗೆ ಸಿಕ್ಕಿದ ಅಳುವನ್ನು ಅಂಟಿಸುವ ಚಾಳಿ ನಮ್ಮಲ್ಲಿ ಇಂಗ್ಲಿಷ್ ಕಾದಂಬರಿಗಳ ಅವಸರದ ಅನುವಾದಗಳಿಂದ ಬಂದಿರಬೇಕು ಎಂದು ನನ್ನ ಗುಮಾನಿ. ಆ ಅನುವಾದಗಳಲ್ಲಿ ಇದಕ್ಕಿಂತ ಮೋಜಿನ ತಪ್ಪೂ ಸಿಗುತ್ತದೆ. ಇಂಗ್ಲಿಷಿನ ಕ್ರೈ ಎಂಬುದಕ್ಕೆ ಕೂಗು ಎಂಬ ಅರ್ಥವೂ ಇದೆಯಷ್ಟೆ. ಹಳೆಯ ಕಾದಂಬರಿಗಳಲ್ಲಿ ನಾಯಕ ಬಾಗಿಲು ತೆರೆದು ಗೆಳೆಯನನ್ನು ಕಂಡು ಸಂತೋಷದಿಂದ ಕೂಗುತ್ತಾನೆ. ಅನುವಾದದಲ್ಲಿ ಪಾಪ, ಕಾರಣವಿಲ್ಲದೆ ಅಳುತ್ತಾನೆ.

ಈಗ ಗೋಳಿನ ವಿಷಯ. ಇಲ್ಲಿ ಸ್ವಲ್ಪ ಕೂತು ಮಾತಾಡಬೇಕು, ಏಕೆಂದರೆ ಇಂಗ್ಲಿಷಿನ ವೇಲ್ ಮತ್ತು ನಮ್ಮ ಗೋಳು ಒಂದೇ ಎಂದುಕೊಂಡರೆ ಅರ್ಧ ಸಂಗತಿ ಬಿಟ್ಟುಹೋಗುತ್ತದೆ.

ವೇಲ್ ಎಂದಾಗ ಇಂಗ್ಲಿಷಿನವನಿಗೆ ಮೊದಲು ಕೇಳುವುದು ಎಳೆದ ದನಿ. ಅದರಲ್ಲಿ ಮಾತು ಇರಬಹುದು, ಇಲ್ಲದಿರಬಹುದು. ನಮ್ಮ ಸಾವಿನ ಮನೆಯ ಗೋಳಿನಲ್ಲಿ ಮಾತು ಇದ್ದೇ ಇರುತ್ತದೆ, ಅದೂ ಲೆಕ್ಕವಿಟ್ಟ ಮಾತು. ಸತ್ತವರನ್ನು ಸಂಬಂಧ ಹಿಡಿದು ಕರೆಯುವುದು, ಅವರು ಮಾಡಿದ್ದನ್ನು ಒಂದೊಂದಾಗಿ ಎಣಿಸುವುದು, ಬಿಟ್ಟು ಹೋದದ್ದಕ್ಕೆ ಬೈಯುವುದು, ಉಳಿದವರ ಗತಿ ಏನೆಂದು ಕೇಳುವುದು. ಉತ್ತರ ಕರ್ನಾಟಕದಲ್ಲಿ ‘ಹಾಡಿಕೊಂಡು ಅಳೋದು’ ಅನ್ನುತ್ತಾರೆ, ‘ಬೋರಾಡಿ ಅಳೋದು’ ಅನ್ನುತ್ತಾರೆ. ಅಲ್ಲಿನ ಹಳ್ಳಿಯಲ್ಲಿ ವಯಸ್ಸಾದ ಹೆಂಗಸು ಹೆಣದ ಮುಂದೆ ಕೂತು ಹಾಡಿಕೊಂಡು ಅಳುವಾಗ ಕೇಳಿದವರಿಗೆ ಅದರ ಲಯ ಗೊತ್ತು: ಒಂದು ಉಸಿರಿಗೆ ಒಂದು ಮಾತು, ಮಾತಿನ ಕೊನೆಯ ಸ್ವರ ಉಸಿರು ತೀರುವವರೆಗೆ ಎಳೆತ, ಆಮೇಲೆ ಹೊಸ ಉಸಿರು, ಹೊಸ ಮಾತು. ಬಿಕ್ಕಿನಲ್ಲಿ ಉಸಿರು ಮಾತನ್ನು ಕಡಿಯುತ್ತದೆ. ಗೋಳಿನಲ್ಲಿ ಉಸಿರೇ ಮಾತಿಗೆ ಸಾಲು ಹಾಕಿಕೊಡುತ್ತದೆ. ಹೊಸಬರೊಬ್ಬರು ಒಳಗೆ ಬಂದಾಗ ತಗ್ಗಿದ್ದ ಗೋಳು ಮತ್ತೆ ಏಳುತ್ತದೆ. ಪಟ್ಟಣದ ಹುಡುಗರು ಇದನ್ನು ನಾಟಕ ಎನ್ನುತ್ತಾರೆ. ಬಂದವರಿಗೂ ಸತ್ತವರಿಗೂ ಇದ್ದ ನಂಟನ್ನು ಸೇರಿಸಿಕೊಂಡು ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎನ್ನುವುದು ಹೆಚ್ಚು ಸರಿ.

ವ್ಯಾಕರಣಕಾರರೂ ಇದನ್ನು ಕೇಳಿಸಿಕೊಂಡಿದ್ದರು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂದು ಶಾಲೆಯಲ್ಲಿ ಓದಿದ್ದು ಎಲ್ಲರಿಗೂ ನೆನಪಿರುತ್ತದೆ. ಮೂರು ಮಾತ್ರೆಯ ಪ್ಲುತವನ್ನು ಹೆಚ್ಚಿನವರು ಮರೆತಿರುತ್ತಾರೆ. ಪ್ಲುತ ಎಲ್ಲಿ ಬರುತ್ತದೆ ಎಂಬುದಕ್ಕೆ ಸಂಸ್ಕೃತ ವ್ಯಾಕರಣ ಪರಂಪರೆ ಮೂರು ಜಾಗ ಹೇಳುತ್ತದೆ: ದೂರದಿಂದ ಕರೆಯುವಾಗ, ಹಾಡುವಾಗ, ಅಳುವಾಗ. ಗೋಳಿನಲ್ಲಿ ಈ ಮೂರೂ ಒಟ್ಟಿಗೆ ಇವೆ ನೋಡಿ. ಸತ್ತವನನ್ನು ಕರೆಯುತ್ತಾಳೆ, ಅವನು ದೂರ ಹೋಗಿದ್ದಾನೆ, ಕರೆ ಹಾಡಾಗುತ್ತದೆ. ಪ್ರಲಾಪ, ವಿಲಾಪ ಎಂಬ ಪದಗಳ ಬೇರೂ ಇದನ್ನೇ ಹೇಳುತ್ತದೆ. ಎರಡರಲ್ಲೂ ಇರುವುದು ಮಾತನಾಡು ಎಂಬ ಅರ್ಥದ ಲಪ್ ಧಾತು. ಸಂಗೀತದ ಆಲಾಪದಲ್ಲೂ ಪ್ರೇಮಿಗಳ ಸಲ್ಲಾಪದಲ್ಲೂ ಅದೇ ಇದೆ. ಹಾಗಾಗಿ ಮೂಲೆಯಲ್ಲಿ ನಿಂತ ಐದು ವರ್ಷದ ಹುಡುಗನಿಗೆ ಪ್ರಲಾಪಿಸಲು ಬರುವುದಿಲ್ಲ. ಅದಕ್ಕೆ ಬೇಕಾದಷ್ಟು ಮಾತು, ಎಣಿಸಲು ಬೇಕಾದಷ್ಟು ನೆನಪು ಅವನಲ್ಲಿ ಇನ್ನೂ ಕೂಡಿಲ್ಲ.

ನಮ್ಮ ಕಾವ್ಯದಲ್ಲಿ ಈ ಗೋಳಿಗೆ ದೊಡ್ಡ ಜಾಗವಿದೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವನ ಮುಂದೆ ಚಂದ್ರಮತಿ ಪಡುವ ಗೋಳು ಮೂಲ ಕಾವ್ಯ ಓದದವರಿಗೂ ನಾಟಕ, ಹರಿಕಥೆಗಳ ಮೂಲಕ ಗೊತ್ತು. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣದಿಂದ ಹೆಣಕ್ಕೆ ನಡೆಯುತ್ತಾ ಒಬ್ಬೊಬ್ಬರಿಗೂ ಬೇರೆ ಬೇರೆ ಮಾತಿನಲ್ಲಿ ಮರುಗುತ್ತಾನೆ. ಕರ್ಣನ ಮುಂದೆ ಆಡುವ ಮಾತು ದ್ರೋಣನ ಮುಂದೆ ಆಡುವ ಮಾತಲ್ಲ. ‘ಅಳುವ ಗಂಡಸನ್ನು ನಂಬಬೇಡ’ ಎಂದು ಗಾದೆ ಮಾಡಿಕೊಂಡ ಅದೇ ಭಾಷೆಯಲ್ಲಿ ಹತ್ತನೆಯ ಶತಮಾನದ ಕವಿ ಛಲದಂಕಮಲ್ಲನನ್ನೇ ಹೀಗೆ ಅಳಿಸಿದ್ದಾನೆ. ಇಬ್ಬರೂ ಕವಿಗಳು ಅಳುವವರಿಗೆ ಕೊಟ್ಟದ್ದು ಅಳುವಿನ ಪರ್ಯಾಯ ಪದಗಳನ್ನಲ್ಲ, ಅಳುವವರು ಆಡಬೇಕಾದ ಮಾತನ್ನು.

ಆದ್ದರಿಂದ ಪುಟ್ಟಮ್ಮನ ವಾಕ್ಯವನ್ನು ನಾವು ಹೀಗೆ ತಿದ್ದಿದೆವು. ‘ಆಕ್ರಂದಿಸಿದಳು’ ಹೋಯಿತು. ಅದರ ಜಾಗಕ್ಕೆ ಬೇರೆ ಕ್ರಿಯಾಪದ ಬರಲೇ ಇಲ್ಲ, ಅವಳ ಮಾತು ಬಂತು. “ನನ್ ತಮ್ಮಾ... ನನ್ ಹೊರಬೇಕಾದೋನು ನೀನಲ್ವೇನೋ... ನಾನಿರೋವಾಗ ನೀನ್ ಹೋದ್ಯಲ್ಲೋ...” ಓದುವವರು ಈ ಚುಕ್ಕಿಗಳಲ್ಲಿ ತಾವೇ ದನಿ ಎಳೆದುಕೊಳ್ಳುತ್ತಾರೆ. ‘ಹೋದೆ’ ಎಂಬುದಕ್ಕೆ ‘ಅಲ್ಲೋ’ ಸೇರಿದಾಗ ಅದು ಸುದ್ದಿಯಾಗಿ ಉಳಿಯುವುದಿಲ್ಲ, ಸತ್ತವನ ಮೇಲಿನ ದೂರಾಗುತ್ತದೆ. ಕನ್ನಡದಲ್ಲಿ ಎರಡಕ್ಷರ ಮಾಡುವ ಈ ಕೆಲಸಕ್ಕೆ ಬೇರೆ ಭಾಷೆಯವರು ಅರ್ಧ ವಾಕ್ಯ ಬಳಸಬೇಕಾದೀತು.

ವೀಪ್‌ಗೆ ಕನ್ನಡ ಯಾವುದು? ಕಣ್ಣೀರಿಡು ಎನ್ನಬಹುದು, ಕಣ್ಣೀರು ಹಾಕು ಎನ್ನಬಹುದು. ಕಂಬನಿ ಮಿಡಿ ಎಂಬುದನ್ನು ಮಾತ್ರ ಕಾದಂಬರಿಯಿಂದ ದೂರ ಇಡಬೇಕು ಎನ್ನುವವನು ನಾನು. ಸಂತಾಪ ಸೂಚಕ ಸಭೆಗಳು, ‘ಗಣ್ಯರ ಕಂಬನಿ’ ಎಂಬ ತಲೆಬರಹಗಳು ಅದನ್ನು ತಮ್ಮದಾಗಿಸಿಕೊಂಡಿವೆ. ಮಗಳು ಅಪ್ಪನ ಹೆಣದ ಮುಂದೆ ಕಂಬನಿ ಮಿಡಿದರೆ ಅವಳ ಪಕ್ಕದಲ್ಲಿ ಮೈಕು ಕಾಣುತ್ತದೆ. ‘ಕಣ್ಣೀರಿನ ಕೋಡಿ ಹರಿಯಿತು’ ಎಂಬುದೂ ಒಂದು ಕಾಲಕ್ಕೆ ಜೀವವಿದ್ದ ಮಾತು. ಕೆರೆ ತುಂಬಿ ಕೋಡಿ ಬಿದ್ದದ್ದನ್ನು ಕಂಡ ಜನ ಆಡಿದ್ದು. ಈಗ ಕೆರೆಯನ್ನೇ ಕಾಣದವರು ಬರೆಯುತ್ತಿದ್ದಾರೆ.

ಸದ್ದಿಲ್ಲದ ಅಳುವನ್ನು ಬರೆಯುವವರು ಕೆನ್ನೆಯನ್ನು ನೋಡುತ್ತಾರೆ, ಮೂಗನ್ನು ಮರೆಯುತ್ತಾರೆ. ಕಣ್ಣಿನ ಒಳಮೂಲೆಯಲ್ಲಿ ಎರಡು ಸಣ್ಣ ರಂಧ್ರಗಳಿವೆ. ಕಣ್ಣಿನ ನೀರು ಅಲ್ಲಿಂದ ಮೂಗಿನೊಳಕ್ಕೆ ಇಳಿಯುತ್ತದೆ. ಆ ದಾರಿ ಸಾಲದಷ್ಟು ನೀರು ಬಂದಾಗಲೇ ಕೆನ್ನೆಗೆ ಉಕ್ಕುವುದು. ಆದ್ದರಿಂದ ಅಳುವನ್ನು ಮುಚ್ಚಿಟ್ಟುಕೊಳ್ಳಲು ನೋಡುವವರನ್ನು ಬಿಟ್ಟುಕೊಡುವುದು ಮೂಗು. ಕತ್ತಲಲ್ಲಿ ಬೆನ್ನು ತಿರುಗಿಸಿ ಮಲಗಿದವಳು ಸುರ್ರೆಂದು ಮೂಗೆಳೆದುಕೊಂಡರೆ ಸಾಕು, ಕಣ್ಣೀರು ಎಂಬ ಪದವೇ ಬೇಡ. ‘ಗಂಟಲು ಕಟ್ಟಿತು’ ಎಂಬುದೂ ಬರಿಯ ಅಲಂಕಾರವಲ್ಲ. ದುಃಖ ಬಂದಾಗ ಹೆಚ್ಚು ಗಾಳಿ ಎಳೆದುಕೊಳ್ಳಲೆಂದು ಮೈ ಗಂಟಲಿನ ಬಾಗಿಲನ್ನು ತೆರೆದೇ ಇಡಲು ನೋಡುತ್ತದೆ. ಎಂಜಲು ನುಂಗಬೇಕಾದರೆ ಅದನ್ನು ಮುಚ್ಚಲೇಬೇಕು. ಈ ಎಳೆದಾಟವೇ ಗಂಟಲಲ್ಲಿ ಉಂಡೆ ಸಿಕ್ಕಿಕೊಂಡ ಹಾಗೆ ಅನ್ನಿಸುತ್ತದೆ. ಗಂಟಲು ಕಟ್ಟಿದವನಿಗೆ ಕಾಫಿ ಲೋಟ ಕೊಟ್ಟು ನೋಡಿ. ಒಂದು ಗುಟುಕು ನುಂಗಲು ಅವನು ಪಡುವ ಪಾಡಿನಲ್ಲಿ ಇಡೀ ದೃಶ್ಯ ಇರುತ್ತದೆ.

ವಿಂಪರ್‌ಗೆ ಒಂದೇ ಕನ್ನಡ ಪದ ಹುಡುಕಬಾರದು. ನಾಯಿಮರಿ ಕುಂಯ್‌ಗುಟ್ಟುತ್ತದೆ, ಜ್ವರ ಬಂದವರು ಮುಲುಗುತ್ತಾರೆ, ನೋವಿರುವವರು ನರಳುತ್ತಾರೆ. ಮೂರೂ ಬೇರೆ. ಹೆದರಿಕೆ ಸೇರಿದ ಆ ಸಣ್ಣ ದನಿ ಸಾವಿನ ಮನೆಯಲ್ಲಿ ಹೊಂದುವುದು ಆ ಹುಡುಗನಿಗೆ: ಏನಾಗಿದೆ ಎಂದು ಗೊತ್ತಿಲ್ಲ, ದೊಡ್ಡವರೆಲ್ಲ ಕೂಗುತ್ತಿದ್ದಾರೆ ಎಂಬುದು ಮಾತ್ರ ಗೊತ್ತು. ಅವನ ವಾಕ್ಯ ಹೀಗಾಯಿತು: ‘ಹುಡುಗ ಬಾಗಿಲ ಸಂದಿಗೆ ಒತ್ತಿಕೊಂಡು, ಬಾಯಿ ಬಿಡದೆ, ಮೂಗಿನಲ್ಲೇ ಸಣ್ಣಗೆ ಅಳುತ್ತಿದ್ದ.’ ಬೆಳೆದವರಿಗೆ ಈ ಅಳು ಕೊಟ್ಟರೆ ಬರೆಯುವವನು ಮೇಲೆ ನಿಂತು ಅಯ್ಯೋ ಪಾಪ ಎಂದಂತಾಗುತ್ತದೆ.

ಈ ವಾಕ್ಯದಲ್ಲಿ ಇನ್ನೊಂದು ಸಂಗತಿಯೂ ಇದೆ. ಇಂಗ್ಲಿಷಿನವರು ಅಳುವಿನ ಬಗೆಯನ್ನು ಕ್ರಿಯಾಪದದೊಳಗೇ ತುಂಬುತ್ತಾರೆ, ಅದಕ್ಕೇ ಅವರಿಗೆ ಅಷ್ಟು ಕ್ರಿಯಾಪದಗಳು. ಕನ್ನಡ ಹೆಚ್ಚಾಗಿ ‘ಅಳು’ ಎಂಬ ಒಂದೇ ಧಾತುವನ್ನು ಇಟ್ಟುಕೊಂಡು ಬಗೆಯನ್ನು ಅದರ ಹಿಂದೆ ತರುತ್ತದೆ. ಬಿಕ್ಕಿ ಬಿಕ್ಕಿ ಅತ್ತಳು. ಮುಸುಮುಸು ಅತ್ತಳು. ಗಳಗಳನೆ ಅತ್ತಳು. ಹೋ ಎಂದು ಅತ್ತಳು. ಗೊಳೋ ಎಂದು ಅತ್ತಳು. ಇವುಗಳಲ್ಲಿ ಹೆಚ್ಚಿನವನ್ನು ವ್ಯಾಕರಣದಲ್ಲಿ ಅನುಕರಣಾವ್ಯಯ ಎನ್ನುತ್ತಾರೆ. ಕೊನೆಯ ಎರಡರಲ್ಲಿ ನಮ್ಮ ಹಳೆಯ ಗೆಳೆಯ ‘ಎಂದು’ ಮತ್ತೆ ಬಂದಿರುವುದನ್ನು ಗಮನಿಸಿ. ‘ಹೋ’ ಎಂಬುದೂ ಕನ್ನಡಕ್ಕೆ ಆಡಿದ ಮಾತೇ. ಅಳುವ ಸದ್ದನ್ನೂ ನಾವು ಉದ್ಧರಣೆ ಮಾಡಿ ಹೇಳುತ್ತೇವೆ. ಮುಸುಮುಸು ಎಂಬುದು ಬಾಯಿ ಮುಚ್ಚಿ ಮೂಗಿನಿಂದ ತಪ್ಪಿಸಿಕೊಳ್ಳುವ ಸದ್ದಾದ್ದರಿಂದ ಅದರ ತಂಗಿ ಮುಸಿಮುಸಿ ನಗುವಿಗೂ ಸಲ್ಲುತ್ತದೆ. ಹೀಗಿರುವಾಗ ‘ಅತ್ತಳು’ ಎಂಬುದು ಮತ್ತೆ ಮತ್ತೆ ಬಂದರೆ ಕನ್ನಡದ ಕಿವಿಗೆ ಬೇಸರವಿಲ್ಲ. ಅದಕ್ಕೆ ಹೆದರಿ ರೋದಿಸು, ಆಕ್ರಂದಿಸು ಎಂದು ಸಂಸ್ಕೃತದಿಂದ ಕ್ರಿಯಾಪದ ತಂದರೆ ದನಿ ಹೋಗುತ್ತದೆ, ಗಾಂಭೀರ್ಯ ಮಾತ್ರ ಉಳಿಯುತ್ತದೆ. ‘ರೋದಿಸಿದಳು’ ಎಂಬಲ್ಲಿ ಗೌರಮ್ಮನ ಬಾಯಿ ತೆರೆದಿದೆಯೇ ಮುಚ್ಚಿದೆಯೇ, ಹೇಳಿ ನೋಡೋಣ?

ಆ ಪ್ರಶ್ನೆಗೆ ಗೆಳೆಯನೂ ಉತ್ತರಿಸಲಾರದೆ ಹೋದ. ಗೌರಮ್ಮ ಹೇಗೆ ಅತ್ತಳು ಎಂದು ಅವನು ಯೋಚಿಸಿಯೇ ಇರಲಿಲ್ಲ. ಹೆಂಡತಿಯಾದ್ದರಿಂದ ಅಳಲೇಬೇಕು ಎಂದು ಒಂದು ಭಾರದ ಪದ ಇಟ್ಟಿದ್ದ. ಯೋಚಿಸತೊಡಗಿದಾಗ ಅವಳು ಅಳಲೇ ಇಲ್ಲ ಎಂದು ತೋರಿತು. ಸಾವಿನ ದಿನ ಮನೆಯೊಡತಿಗೆ ಎಷ್ಟು ಕೆಲಸ! ದೀಪ ಹಚ್ಚಿಡಬೇಕು, ಬಂದವರಿಗೆ ಚಾಪೆ ಹಾಸಬೇಕು, ಕರೆಯುವ ಹಸುವಿನ ಹಾಲು ಯಾರಾದರೂ ಕರೆಯಬೇಕು. ಅನಂತಮೂರ್ತಿಯವರ ‘ಸಂಸ್ಕಾರ’ (1965) ನೆನಪಾಗುತ್ತದೆ. ಅಲ್ಲಿ ನಾರಣಪ್ಪ ಸತ್ತಾಗ ಅಗ್ರಹಾರದ ಮುಂದೆ ಎದ್ದು ನಿಲ್ಲುವುದು ದುಃಖವಲ್ಲ, ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ. ಸಾವು ಬಂದ ಕೂಡಲೇ ಎಲ್ಲರ ಕಣ್ಣಲ್ಲೂ ನೀರು ಬರಲೇಬೇಕು ಎಂಬ ನಿಯಮವನ್ನು ಕಾದಂಬರಿ ಯಾವತ್ತೂ ಒಪ್ಪಿಕೊಂಡಿಲ್ಲ.

ತಿದ್ದಿದ ಪ್ರತಿಯಲ್ಲಿ ದೃಶ್ಯ ಹೀಗಿದೆ. ಪುಟ್ಟಮ್ಮನ ಗೋಳು ಅಂಗಳದವರೆಗೆ ಕೇಳುತ್ತಿದೆ. ರಾತ್ರಿ ಬಸ್ಸಿನಲ್ಲಿ ಬಂದ ಸುಮಾ ಹೊಸ್ತಿಲಲ್ಲಿ ನಿಲ್ಲುತ್ತಾಳೆ, ಒಳಗೆ ಹೆಜ್ಜೆ ಇಡಲು ಆಗುವುದಿಲ್ಲ. ಪುಟ್ಟಮ್ಮ ಅವಳನ್ನು ಕಂಡು “ನಿನ್ ಮಗಳು ಬಂದವ್ಳೆ ಏಳೋ” ಎಂದು ದನಿ ಏರಿಸುತ್ತಾಳೆ. ಅದು ಕೇಳಿ ಸುಮಾಳ ಬಾಯಿಂದ ‘ಅಪ್ಪ’ ಎಂಬ ಒಂದು ಮಾತು ಹೊರಡುತ್ತದೆ, ಅದೂ ಅರ್ಧ. ಆಮೇಲೆ ಉಸಿರು ಒಳಗೇ ತುಂಡಾಗುತ್ತದೆ. ಫೋನಿನ ಮಾತು ಈ ಪುಟದಲ್ಲಿ ಇಲ್ಲ. ಮೂರು ದಿನ ಬಿಟ್ಟು ಅವಳು ತನ್ನ ಮೊಬೈಲಿನಲ್ಲಿ ಭಾನುವಾರದ ಕರೆ ಎಷ್ಟು ಸೆಕೆಂಡಿನದು ಎಂದು ನೋಡುವಾಗ ಬರುತ್ತದೆ, ಆಗ ಅವಳು ಅಳುವುದಿಲ್ಲ. ಹುಡುಗ ಬಾಗಿಲ ಸಂದಿಯಲ್ಲಿದ್ದಾನೆ. ಗೌರಮ್ಮ ಬಂದವರ ಚಪ್ಪಲಿಗಳನ್ನು ಮಳೆಗೆ ನೆನೆಯದಂತೆ ಒಂದೊಂದಾಗಿ ಜಗಲಿಯ ಕೆಳಗೆ ಸರಿಸುತ್ತಿದ್ದಾಳೆ.

ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳಂತೆ ಎಂಬ ಗಾದೆ ತಡವಾದ ಅಳುವನ್ನು ಗೇಲಿ ಮಾಡುತ್ತದೆ. ಗೌರಮ್ಮನಿಗೆ ಆರು ತಿಂಗಳು ಬೇಕಾಗಲಿಲ್ಲ, ಆರು ವಾರ ಬೇಕಾಯಿತು. ಎಲ್ಲಿಂದಲೋ ಬಂದ ಕೊನೆಗಾರ, ಸುದ್ದಿ ತಿಳಿಯದವನು, ದಣಪೆಯ ಹೊರಗೆ ನಿಂತು “ಗೌಡ್ರು ಇಲ್ವಾ ಅಮ್ಮಾ?” ಎಂದು ಕೂಗುತ್ತಾನೆ. ಅವಳು ಅಭ್ಯಾಸದಂತೆ “ಇಲ್ಲಪ್ಪ” ಎನ್ನುತ್ತಾಳೆ. “ನಾಳಿಕ್ ಬರ್ಲಾ?” ಎಂದು ಅವನು ಕೇಳುತ್ತಾನೆ.

ಅಲ್ಲಿ ಗೆಳೆಯ ‘ಗೌರಮ್ಮ ಗಳಗಳನೆ ಅತ್ತಳು’ ಎಂದು ಬರೆದಿದ್ದ. ‘ಗಳಗಳನೆ’ ಬೇಡ, ‘ಅತ್ತಳು’ ಸಾಕು ಎಂದು ನಾನು ಪೆನ್ಸಿಲಿನಲ್ಲಿ ಗೀಟು ಎಳೆದೆ. ಅವನು ಅಳಿಸಿ ಮತ್ತೆ ಸೇರಿಸಿಕೊಂಡ. ಆರು ವಾರದಿಂದ ತಡೆದಿದ್ದವಳು, ದಣಪೆಯ ಹೊರಗಿನವನು ಏನೆಂದುಕೊಂಡಾನು ಎಂಬ ಪರಿವೆಯೂ ಇಲ್ಲದೆ ಅತ್ತಳು ಎಂದು ಮತ್ತೆ ಹೇಗೆ ಹೇಳಲಿ ಎಂಬುದು ಅವನ ವಾದ. ನನಗೆ ಅವಳು ಅಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡ ಹಾಗೆ ಕಾಣುತ್ತದೆ. ಪುಸ್ತಕ ಅಚ್ಚಿಗೆ ಹೋಗಿದೆ, ಯಾವುದು ಉಳಿದಿದೆಯೋ ನಾನು ಇನ್ನೂ ನೋಡಿಲ್ಲ.